ಬೋರಿನ ನೀರೂ ಬೋಳು ತಲೆಯೂ
(ಅಂತಿಮ ಬಿ. ಎ. ತರಗತಿಯ ಒಬ್ಬ ವಿದ್ಯಾರ್ಥಿ)

ವಾರ್ಷಿಕ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ನನ್ನ ತಲೆಯಲ್ಲಿ ಏನಿದೆಯೆಂದು ನಾನೇ ಒಮ್ಮೆ ಯೋಚಿಸಿದೆ. ತಲೆಯ ಒಳಗೆ ಇರುವುದು ಅಷ್ಟಕ್ಕಷ್ಟೆ. ತಲೆಯ ಮೇಲೆ ಇದ್ದದ್ದೂ ಎರಡು ವರ್ಷಗಳಿಂದ ಕಡಮೆಯಾಗುತ್ತ ಬಂದಿದೆ. ಆದುದರಿಂದ ಆ ವಿಷಯವನ್ನೇ ಬರೆಯುವುದು ಪ್ರಾಮಾಣಿಕವೆಂದು ತೋರಿತು. ಇಪ್ಪತ್ತು ವರ್ಷ ತುಂಬುವ ಮೊದಲೇ ಕೂದಲು ಉದುರತೊಡಗಿದ ಹುಡುಗರು ನಮ್ಮ ಕಾಲೇಜಿನಲ್ಲಿ ನಾನೊಬ್ಬನೇ ಅಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳಿದವರು ಯಾರೂ ಇಲ್ಲ. ಹಾಸ್ಯ ಮಾಡುವವರಿಗೆ ಇದು ಹಗುರವಾದ ವಿಷಯ. ಹಾಸ್ಯಕ್ಕೆ ಗುರಿಯಾದವನಿಗೆ ಮಾತ್ರ ರಾತ್ರಿಯ ನಿದ್ರೆಯನ್ನು ಕೆಡಿಸುವ ವಿಷಯ.

ನಮ್ಮ ಮನೆ ಇರುವುದು ಯಲಹಂಕದಲ್ಲಿ. ನಮ್ಮ ಬಡಾವಣೆಗೆ ಕಾವೇರಿ ಬಂದಿಲ್ಲ. ಬೋರಿನ ನೀರೇ ಗತಿ. ೨೦೨೪ರ ಬೇಸಿಗೆಯಲ್ಲಿ ಆ ಬೋರೂ ಬತ್ತಿ, ಟ್ಯಾಂಕರಿನ ನೀರಿಗಾಗಿ ಬೀದಿಯಲ್ಲಿ ಕಾದು ನಿಂತದ್ದು ಉಂಟು. ಆ ಬೇಸಿಗೆಯಲ್ಲಿಯೇ ಒಂದು ಭಾನುವಾರ ತಲೆಗೆ ಸ್ನಾನ ಮಾಡಿ ಬಂದವನಿಗೆ, ಬಚ್ಚಲಿನ ಜಾಲರಿಯ ಮೇಲೆ ಕೂದಲಿನ ಒಂದು ಗೂಡೇ ಕಾಣಿಸಿತು. ಕನ್ನಡಿ ಹಿಡಿದು ನೋಡಿದರೆ ಹಣೆಯ ಎರಡು ಮೂಲೆಗಳೂ ಒಳಕ್ಕೆ ಸರಿದಿದ್ದವು. ನೆತ್ತಿಯಲ್ಲಿಯೂ ದೀಪದ ಬೆಳಕಿಗೆ ಚರ್ಮ ಮಿನುಗುತ್ತಿತ್ತು.

ತೀರ್ಪು ಕೊಡುವುದಕ್ಕೆ ಯಾರೂ ತಡಮಾಡಲಿಲ್ಲ. “ಬೋರ್ ನೀರು ಕಣೋ, ಇನ್ನೇನು?” ಎಂದರು ಅಮ್ಮ. ಪಕ್ಕದ ಮನೆಯ ಅಂಕಲ್ಲೂ ಅದನ್ನೇ ಹೇಳಿದರು. ಹೆಬ್ಬಾಳ, ಯಲಹಂಕ, ಯಶವಂತಪುರದ ಕಡೆ ಬಾಡಿಗೆಗೆ ಬರುವ ಹೊರಊರಿನ ಹುಡುಗರೆಲ್ಲ ಹೇಳುವುದೂ ಇದೇ: ಊರಿನಲ್ಲಿದ್ದಾಗ ಕೂದಲು ದಟ್ಟವಾಗಿತ್ತು, ಬೆಂಗಳೂರಿನ ನೀರು ಮುಟ್ಟಿದ್ದೇ ತಡ, ಹೋಯಿತು. ನಾನೂ ನಂಬಿದೆ. ನಂಬಿದ ಮೇಲೆ ಸುಮ್ಮನಿರಲಾಗುತ್ತದೆಯೆ? ಕೊಳಾಯಿಯ ಬಾಯಿಗೆ ಸೋಸುಕ ತಂದು ಕಟ್ಟಿದೆ. ಅದೂ ಸಾಲದೆಂದು ಕುಡಿಯುವ ನೀರಿನ ಇಪ್ಪತ್ತು ಲೀಟರಿನ ಕ್ಯಾನು ತರಿಸಿ ಅದರಲ್ಲಿ ತಲೆ ತೊಳೆಯತೊಡಗಿದೆ. ಆರು ತಿಂಗಳು ಈ ರಾಜವೈಭೋಗ ನಡೆಯಿತು. ಹಣೆಯ ಮೂಲೆಗಳು ಮಾತ್ರ ತಮ್ಮ ಪಾಡಿಗೆ ತಾವು ಹಿಂದೆ ಸರಿಯುತ್ತಲೇ ಇದ್ದವು. ಆಗ, ನೀರು ನಿಜವಾಗಿ ಅಪರಾಧಿಯೇ ಎಂದು ವಿಚಾರಣೆ ನಡೆಸಬೇಕೆನ್ನಿಸಿತು. ಈ ಲೇಖನದ ಮೊದಲ ಭಾಗ ಆ ವಿಚಾರಣೆಯ ವರದಿ.

ನೀರಿನ ಮೇಲಿನ ಆರೋಪ

ನಮ್ಮ ಬೋರಿನ ನೀರು ಗಡಸು ಎಂಬುದರಲ್ಲಿ ಸಂಶಯವಿಲ್ಲ. ಸಾಬೂನು ಹಚ್ಚಿದರೆ ನೊರೆ ಬರುವುದಿಲ್ಲ. ಬಕೆಟ್ಟಿನ ಅಂಚಿಗೆ, ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿಯ ಹೊಪ್ಪಳೆ ಕಟ್ಟುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಂಬ ಎರಡು ಧಾತುಗಳ ಲವಣಗಳು ನೀರಿನಲ್ಲಿ ಕರಗಿರುವುದೇ ಇದಕ್ಕೆ ಕಾರಣ. ಭಾರತೀಯ ಮಾನಕವು ಕುಡಿಯುವ ನೀರಿಗೆ ಲೀಟರಿಗೆ ೨೦೦ ಮಿಲಿಗ್ರಾಂ ಗಡಸುತನವನ್ನು ಒಪ್ಪುತ್ತದೆ. ಬೇರೆ ನೀರೇ ಸಿಕ್ಕದಿದ್ದಾಗ ೬೦೦ರವರೆಗೂ ಬಿಡುತ್ತದೆ. ಆಳದ ಬಂಡೆಯ ಸಂದಿನಿಂದ ಎತ್ತಿದ ನೀರು ಈ ಮೇಲಿನ ಅಂಚಿನತ್ತ ವಾಲುವುದು ಸಹಜವೇ. ಅದರ ಲವಣ ಕೂದಲಿನ ಎಳೆಗೆ ಅಂಟಿಕೊಂಡು ಎಳೆಯನ್ನು ಒರಟು ಮಾಡುತ್ತದೆ. ಒರಟಾದ ಎಳೆ ಬಾಚಣಿಗೆಗೆ ಸಿಕ್ಕಿ ನಡುವೆ ತುಂಡಾಗಬಹುದು. ನೀರು ಮಾಡಬಲ್ಲ ಕೇಡು ಇಷ್ಟು.

ಆದರೆ ತುಂಡಾಗುವುದು ಬೇರೆ, ಬುಡಸಹಿತ ಬೀಳುವುದು ಬೇರೆ. ಚರ್ಮದ ಮೇಲೆ ಕಾಣುವ ಕೂದಲು ಜೀವವಿಲ್ಲದ ಎಳೆ. ಅದನ್ನು ಹುಟ್ಟಿಸುವ ರೋಮಕೂಪ ಚರ್ಮದೊಳಗೆ ಸುಮಾರು ನಾಲ್ಕು ಮಿಲಿಮೀಟರು ಆಳದಲ್ಲಿ, ರಕ್ತನಾಳಗಳ ಆರೈಕೆಯಲ್ಲಿ ಕುಳಿತಿದೆ. ತಲೆಗೆ ಸುರಿದುಕೊಂಡ ನೀರು ಅಲ್ಲಿಗೆ ಇಳಿಯುವುದಿಲ್ಲ.

ಹಾಗಾದರೆ ನನ್ನದು ತುಂಡಾದ ಕೂದಲೋ, ಬಿದ್ದ ಕೂದಲೋ? ಇದನ್ನು ತಿಳಿಯಲು ಒಂದು ವಾರ ಲೆಕ್ಕವಿಟ್ಟೆ. ಬಚ್ಚಲಿನ ಜಾಲರಿಗೆ ಬಿಳಿಯ ಬಟ್ಟೆ ಹಾಸಿ, ದಿಂಬು ಬಾಚಣಿಗೆಗಳನ್ನೂ ಬಿಡದೆ, ಸಿಕ್ಕಿದ ಎಳೆಗಳನ್ನೆಲ್ಲ ಎಣಿಸಿದೆ. ತಲೆಗೆ ಸ್ನಾನ ಮಾಡಿದ ಭಾನುವಾರ ೧೬೨, ಬುಧವಾರ ೧೧೮. ಉಳಿದ ಐದು ದಿನಗಳಲ್ಲಿ ಒಟ್ಟು ೧೯೦. ವಾರಕ್ಕೆ ೪೭೦, ಎಂದರೆ ದಿನಕ್ಕೆ ಸರಾಸರಿ ೬೭. ಭಾನುವಾರದ ಗೂಡನ್ನು ನೋಡಿ ನಾನು ಬೆದರಿದ್ದು ದಡ್ಡತನವೆಂದು ಆಗ ತಿಳಿಯಿತು. ಅದು ಒಂದು ದಿನದ ಬೆಳೆಯಲ್ಲ, ಹಿಂದಿನ ದಿನಗಳಲ್ಲಿ ಸಡಿಲಗೊಂಡು ತಲೆಯಲ್ಲಿಯೇ ಕುಳಿತಿದ್ದುದೆಲ್ಲ ಒಟ್ಟಿಗೆ ಜಾರಿದ್ದು. ಇನ್ನು ಎಳೆಗಳನ್ನು ಬೆಳಕಿಗೆ ಹಿಡಿದು ನೋಡಿದರೆ, ಹತ್ತರಲ್ಲಿ ಒಂಬತ್ತರ ತುದಿಯಲ್ಲಿ ಸಾಸಿವೆಗಿಂತಲೂ ಚಿಕ್ಕದಾದ ಬಿಳಿಯ ಗಂಟು ಇತ್ತು. ಗಂಟಿದ್ದರೆ ಅದು ಬುಡದಿಂದ ಬಂದದ್ದು. ಗಂಟಿಲ್ಲದೆ ತುಂಡಾಗಿದ್ದ ಉಳಿದ ಒಂದು ಪಾಲನ್ನು ಮಾತ್ರ ನೀರಿನ, ಬಾಚಣಿಗೆಯ ಖಾತೆಗೆ ಬರೆಯಬಹುದು.

ಮತ್ತೆರಡು ಸಾಕ್ಷ್ಯಗಳು ನನ್ನ ಕಣ್ಣೆದುರಿಗೇ ಇದ್ದವು. ನೀರು ತಲೆಯ ಎಲ್ಲ ಕಡೆಗೂ ಸಮವಾಗಿ ಬೀಳುತ್ತದೆ. ನನ್ನ ಕೂದಲು ಹೋದದ್ದು ಹಣೆಯ ಮೂಲೆ, ನೆತ್ತಿಗಳಲ್ಲಿ ಮಾತ್ರ. ಕಿವಿಯ ಮೇಲೂ ಹಿಂದಲೆಯಲ್ಲೂ ಮೊದಲಿನಷ್ಟೇ ದಟ್ಟವಾಗಿದೆ. ಅದೇ ನೀರಿನಲ್ಲಿ ಮೀಯುವ ನನ್ನ ತಂಗಿಯ ಜಡೆ ಮಂಡಿಯವರೆಗೆ ಇಳಿಯದಿದ್ದರೂ ಸೊಂಟವನ್ನಂತೂ ದಾಟಿದೆ. ಇನ್ನೊಂದು ಕಡೆ, ಜೀವಮಾನವೆಲ್ಲ ಹಳ್ಳಿಯ ಸಿಹಿನೀರಿನ ಬಾವಿಯಲ್ಲಿ ಮಿಂದ ನಮ್ಮ ಚಿಕ್ಕಜ್ಜನವರ ತಲೆ ಮೂವತ್ತಕ್ಕೇ ತಾಮ್ರದ ಚೊಂಬಾಗಿತ್ತೆಂದು ಅಜ್ಜಿ ಹೇಳುತ್ತಾರೆ. ಇಷ್ಟಾದ ಮೇಲೆ ನೀರನ್ನು ಖುಲಾಸೆ ಮಾಡದೆ ವಿಧಿಯಿಲ್ಲ. ಹೊರಊರಿನ ಹುಡುಗರ ಅನುಮಾನಕ್ಕೂ ಇಲ್ಲಿಯೇ ಉತ್ತರವಿದೆ. ಅವರು ಬೆಂಗಳೂರಿಗೆ ಬರುವುದು ಹದಿನೆಂಟರಿಂದ ಇಪ್ಪತ್ತೈದರ ನಡುವೆ. ವಂಶದ ಬೋಳು ತಲೆ ಹಾಕುವುದೂ ಆ ವಯಸ್ಸಿನಲ್ಲಿಯೇ. ಎರಡೂ ಒಟ್ಟಿಗೆ ಬಂದುದರಿಂದ ಒಂದು ಇನ್ನೊಂದಕ್ಕೆ ಕಾರಣವೆಂದು ತೋರಿತು.

ನಿಜವಾದ ಕಾರಣ

ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಹೊಲಗಳ ಪಕ್ಕದಲ್ಲಿಯೇ ನಾನು ದಿನವೂ ಬಸ್ಸಿನಲ್ಲಿ ಹೋಗುತ್ತೇನೆ. ಆದುದರಿಂದ ಬೆಳೆಯ ಹೋಲಿಕೆಯೇ ನನಗೆ ಸುಲಭ. ತಲೆಯ ಮೇಲೆ ಸುಮಾರು ಒಂದು ಲಕ್ಷ ರೋಮಕೂಪಗಳಿವೆ. ಪ್ರತಿಯೊಂದೂ ಎರಡರಿಂದ ಆರು ವರ್ಷ ಬೆಳೆ ತೆಗೆದು, ಎರಡು ಮೂರು ವಾರಗಳಲ್ಲಿ ಕೆಲಸ ನಿಲ್ಲಿಸಿ, ಆಮೇಲೆ ಮೂರು ತಿಂಗಳು ಬೀಡು ಬಿಡುತ್ತದೆ. ಬೀಡಿನ ಕೊನೆಗೆ ಹಳೆಯ ಎಳೆ ಬಿದ್ದು ಹೊಸದು ಮೊಳೆಯುತ್ತದೆ. ಯಾವ ದಿನ ನೋಡಿದರೂ ನೂರಕ್ಕೆ ಹತ್ತು ಕೂಪಗಳು ಬೀಡು ಬಿಟ್ಟಿರುತ್ತವೆಂದು ಇಟ್ಟುಕೊಳ್ಳಿ. ಲಕ್ಷಕ್ಕೆ ಹತ್ತು ಸಾವಿರವಾಯಿತು. ಆ ಹತ್ತು ಸಾವಿರ ನೂರು ದಿನಗಳಲ್ಲಿ ಬೀಳಬೇಕು. ಎಂದರೆ ದಿನಕ್ಕೆ ನೂರು. ವೈದ್ಯರು ದಿನಕ್ಕೆ ಐವತ್ತರಿಂದ ನೂರು ಎಳೆ ಉದುರುವುದು ಸಹಜವೆನ್ನುವುದು ಈ ಗಣಿತದಿಂದಲೇ. ನನ್ನ ೬೭ ಅದರೊಳಗೇ ಇತ್ತು.

ಇಲ್ಲಿ ನನಗೆ ದೊಡ್ಡ ಆಶ್ಚರ್ಯವಾಯಿತು. ಉದುರುವುದು ಸಹಜವಾದಷ್ಟೇ ಇದ್ದರೂ ತಲೆ ಬೋಳಾಗುತ್ತಿರುವುದೇಕೆ? ಉತ್ತರ ಇದು: ಕೇಡು ಬೀಳುವುದರಲ್ಲಿಲ್ಲ, ಮತ್ತೆ ಬರುವುದರಲ್ಲಿದೆ. ಗಂಡಸಿನ ದೇಹದಲ್ಲಿ ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನು ಇದೆ. ಅದರ ಒಂದು ಪಾಲು ಡೈಹೈಡ್ರೋಟೆಸ್ಟೋಸ್ಟಿರಾನ್ ಎಂಬ ಇನ್ನೂ ಪ್ರಬಲವಾದ ರೂಪಕ್ಕೆ ತಿರುಗುತ್ತದೆ. ಕೆಲವರ ನೆತ್ತಿಯ ಮತ್ತು ಮುಂದಲೆಯ ರೋಮಕೂಪಗಳು ಹುಟ್ಟಿನಿಂದಲೇ ಇದಕ್ಕೆ ಸೂಕ್ಷ್ಮವಾಗಿರುತ್ತವೆ. ಅದರ ಪ್ರಭಾವದಿಂದ ಕೂಪದ ಬೆಳೆಗಾಲ ಪ್ರತಿ ಸುತ್ತಿನಲ್ಲೂ ಕುಗ್ಗುತ್ತದೆ, ಕೂಪವೂ ಕಿರಿದಾಗುತ್ತದೆ. ನಾಲ್ಕು ವರ್ಷ ಬೆಳೆಯುತ್ತಿದ್ದ ದಪ್ಪ ಎಳೆಯ ಜಾಗದಲ್ಲಿ ಒಂದು ವರ್ಷ ಮಾತ್ರ ಬೆಳೆಯುವ ಸಣ್ಣ ಎಳೆ, ಅದರ ಜಾಗದಲ್ಲಿ ಕೆಲವು ತಿಂಗಳ ನವಿರು. ಕೊನೆಗೆ ಕಣ್ಣಿಗೆ ಕಾಣದಂಥ ರೋಮ. ಹಿಂದಲೆಯ ಕೂಪಗಳಿಗೆ ಈ ಸೂಕ್ಷ್ಮತೆ ಇಲ್ಲದ್ದರಿಂದ ಅಲ್ಲಿಯ ಬೆಳೆ ಉಳಿಯುತ್ತದೆ.

ಇದನ್ನು ಪತ್ತೆಮಾಡಿದವರಲ್ಲಿ ಮುಖ್ಯನಾದವನು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್. ೧೯೪೨ರಲ್ಲಿ ಆತನು ಪ್ರಕಟಿಸಿದ ಅಧ್ಯಯನದಲ್ಲಿ, ವೃಷಣಗಳ ಹಾರ್ಮೋನು ದೊರೆಯದ ೧೦೪ ಮಂದಿಯ ವಿಚಾರವಿದೆ. ಪ್ರಾಯಕ್ಕೆ ಮುಂಚೆಯೇ ಆ ಹಾರ್ಮೋನು ತಪ್ಪಿದವರಿಗೆ ಬೋಳು ಬಂದಿರಲಿಲ್ಲ. ಹಾರ್ಮೋನನ್ನು ಹೊರಗಿನಿಂದ ಕೊಟ್ಟಾಗ, ವಂಶದಲ್ಲಿ ಬೋಳಿದ್ದವರಿಗೆ ಕೂದಲು ಹೋಗತೊಡಗಿತು. ವಂಶದಲ್ಲಿ ಇಲ್ಲದವರಿಗೆ ಹೋಗಲಿಲ್ಲ. ಹೀಗೆ ಹಾರ್ಮೋನು, ವಂಶ ಎರಡೂ ಕೂಡಬೇಕೆಂದು ಸಿದ್ಧವಾಯಿತು. ಬೋಳಾದವನಲ್ಲಿ ಹಾರ್ಮೋನು ಇತರರಿಗಿಂತ ಹೆಚ್ಚಾಗಿಯೂ ಇಲ್ಲ, ಕಡಮೆಯಾಗಿಯೂ ಇಲ್ಲ; ಕೂಪದ ಸ್ವಭಾವ ಮಾತ್ರ ಬೇರೆ. “ತಾಯಿಯ ತಂದೆಯನ್ನು ನೋಡು” ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಮುಖ್ಯವಾದ ಒಂದು ಜೀನು ತಾಯಿಯಿಂದಲೇ ಬರುತ್ತದೆ. ಆದರೆ ತಂದೆಯ ಕಡೆಯ ಪಾಲೂ ಇದೆ. ಟೋಪಿ, ಹೆಲ್ಮೆಟ್ಟು, ತಡರಾತ್ರಿಯ ಓದು, ಚಿಂತೆ ಇವು ಈ ಬೋಳಿಗೆ ಕಾರಣವಲ್ಲ.

ಎರಡು ತಲೆಗಳ ಹೋಲಿಕೆ

ಎಲ್ಲ ಉದುರುವಿಕೆಯೂ ವಂಶದ್ದಲ್ಲವೆಂಬುದಕ್ಕೆ ಆರ್. ಟಿ. ನಗರದಲ್ಲಿರುವ ನನ್ನ ದೊಡ್ಡಪ್ಪನ ಮಗನ ಪ್ರಸಂಗವನ್ನು ಹೇಳಬೇಕು. ಅವನಿಗೆ ಡೆಂಗೀ ಜ್ವರ ಬಂದು ಒಂದು ವಾರ ಆಸ್ಪತ್ರೆಯಲ್ಲಿದ್ದ. ಗುಣವಾಗಿ ಎರಡೂವರೆ ತಿಂಗಳಾದ ಮೇಲೆ, ಇದ್ದಕ್ಕಿದ್ದಂತೆ ಕೈ ಹಾಕಿದರೆ ಹಿಡಿಹಿಡಿಯಾಗಿ ಕೂದಲು ಬರತೊಡಗಿತು. “ನಿನ್ನ ಹಾಗೇ ಆಯ್ತಲ್ಲೋ ತಮ್ಮಾ” ಎಂದು ಅವನು ಅತ್ತೇಬಿಟ್ಟ. ಅದು ನನ್ನ ಹಾಗೆ ಆಗಿರಲಿಲ್ಲ. ಅವನಿಗೆ ಹಿಂದಲೆಯೂ ಸೇರಿ ತಲೆಯ ಎಲ್ಲ ಕಡೆಯೂ ಸಮವಾಗಿ ತೆಳುವಾಗಿತ್ತು. ಹಣೆಯ ಗೆರೆ ಸರಿದಿರಲಿಲ್ಲ. ಬಿದ್ದ ಎಳೆಗಳು ಉದ್ದವಾಗಿ, ದಪ್ಪವಾಗಿ ಇದ್ದವು. ದೊಡ್ಡ ಜ್ವರ, ಶಸ್ತ್ರಚಿಕಿತ್ಸೆ, ಅತಿಯಾದ ಉಪವಾಸ ಇವುಗಳಿಂದ ಬಹಳಷ್ಟು ಕೂಪಗಳು ಒಟ್ಟಿಗೆ ಬೀಡು ಬಿಡುತ್ತವೆ. ಬೀಡು ಮೂರು ತಿಂಗಳದಾದ್ದರಿಂದ ಉದುರುವುದೂ ಅಷ್ಟು ದಿನದ ಮೇಲೆಯೇ. ಹೀಗಾಗಿ ಜ್ವರಕ್ಕೂ ಕೂದಲಿಗೂ ಇರುವ ನಂಟು ಯಾರಿಗೂ ಹೊಳೆಯುವುದಿಲ್ಲ. ಆರು ತಿಂಗಳಲ್ಲಿ ಅವನ ತಲೆ ತಾನಾಗಿಯೇ ತುಂಬಿತು. ಆ ವೇಳೆಗೆ ಅವನು ಹಚ್ಚುತ್ತಿದ್ದ ಈರುಳ್ಳಿ ರಸಕ್ಕೆ ಕೀರ್ತಿ ಬಂದಿತು!

ಅಮ್ಮ ಗರುಗದ ಸೊಪ್ಪು, ದಾಸವಾಳದ ಎಲೆ ಹಾಕಿ ಕಾಯಿಸುವ ಎಣ್ಣೆಯನ್ನು ನಾನು ಇಂದಿಗೂ ಹಚ್ಚುತ್ತೇನೆ. ಅದು ಎಳೆಯನ್ನು ನುಣುಪಾಗಿಡುತ್ತದೆ, ತುಂಡಾಗುವುದನ್ನು ತಡೆಯುತ್ತದೆ. ಕಿರಿದಾದ ಕೂಪವನ್ನು ಹಿರಿದು ಮಾಡುವ ಕೆಲಸವನ್ನು ಅದಕ್ಕೆ ಒಪ್ಪಿಸಬಾರದು. ಮೂರನೆಯ ಬಗೆಯೊಂದಿದೆ: ನಾಣ್ಯದಷ್ಟು ಅಗಲದ ನುಣ್ಣನೆಯ ಬೋಳು ಮಚ್ಚೆ ಒಂದೆರಡು ವಾರದಲ್ಲಿಯೇ ಕಾಣಿಸುವುದು. ಅದನ್ನೂ, ತಲೆಯಲ್ಲಿ ತುರಿಕೆ, ಕೀವು, ಕೆಂಪು, ಹೊಟ್ಟಿನ ಪದರ ಇರುವುದನ್ನೂ ಮನೆಯ ಮದ್ದಿಗೆ ಬಿಡದೆ ಚರ್ಮವೈದ್ಯರಿಗೆ ಬೇಗ ತೋರಿಸಬೇಕು.

ಮದ್ದು, ಅದರ ಎಲ್ಲೆ

ನಾನೂ ಕೊನೆಗೆ ಒಂದು ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋದೆ. ವೈದ್ಯರು ಭೂತಗನ್ನಡಿಯಂಥ ದೀಪವಿಟ್ಟು ನೋಡಿ, ದಪ್ಪ ಎಳೆ ಸಣ್ಣ ಎಳೆ ಪಕ್ಕಪಕ್ಕದಲ್ಲಿಯೇ ಬೆರೆತಿರುವುದನ್ನು ತೋರಿಸಿದರು. ವಂಶದ ಬೋಳಿನ ಗುರುತು ಅದೇ. ಪ್ರಯೋಜನ ರುಜುವಾತಾದ ಔಷಧಗಳು ಮುಖ್ಯವಾಗಿ ಎರಡೇ ಎಂದರು. ಮಿನಾಕ್ಸಿಡಿಲ್ ಎಂಬುದು ಮೊದಲು ರಕ್ತದ ಒತ್ತಡದ ಮಾತ್ರೆ. ನುಂಗಿದವರ ಮೈಮೇಲೆ ರೋಮ ಬೆಳೆದುದನ್ನು ಕಂಡು ಅದನ್ನು ತಲೆಗೆ ಹಚ್ಚುವ ದ್ರಾವಣ ಮಾಡಿದರು. ಶೇಕಡ ಐದರ ದ್ರಾವಣವನ್ನು ಒಂದು ಮಿಲಿಲೀಟರಿನಂತೆ ದಿನಕ್ಕೆ ಎರಡು ಸಲ ಒಣಗಿದ ನೆತ್ತಿಯ ಚರ್ಮಕ್ಕೆ ಹಚ್ಚಬೇಕು. ಮೊದಲ ಎರಡು ತಿಂಗಳು ಉದುರುವುದು ಹೆಚ್ಚುವುದುಂಟು. ಬೀಡು ಬಿಟ್ಟಿದ್ದ ಹಳೆಯ ಎಳೆಗಳನ್ನು ಹೊಸ ಮೊಳಕೆ ತಳ್ಳುವುದೇ ಅದಕ್ಕೆ ಕಾರಣ; ಅದನ್ನು ತಿಳಿಯದೆ ಬಹಳ ಮಂದಿ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಫಲವನ್ನು ಆರು ತಿಂಗಳಿಗೆ ಮೊದಲು ಅಳೆಯಬಾರದು. ಬಿಟ್ಟರೆ ಕೆಲವೇ ತಿಂಗಳಲ್ಲಿ ಪಡೆದದ್ದೆಲ್ಲ ಹೋಗುತ್ತದೆ.

ಎರಡನೆಯದು ಫಿನಾಸ್ಟರೈಡ್ ಎಂಬ ಒಂದು ಮಿಲಿಗ್ರಾಂ ಮಾತ್ರೆ. ಇದು ಹಾರ್ಮೋನು ಪ್ರಬಲರೂಪಕ್ಕೆ ತಿರುಗುವುದನ್ನೇ ತಡೆಯುತ್ತದೆ. ಇರುವುದನ್ನು ಉಳಿಸುವುದರಲ್ಲಿ ಬಲವಾದದ್ದು. ಆದರೆ ನೂರರಲ್ಲಿ ಕೆಲವರಿಗೆ ಕಾಮಾಸಕ್ತಿ ಕುಗ್ಗುವುದು, ಕೆಲವರಿಗೆ ಮನಸ್ಸು ಕುಸಿಯುವುದು ಉಂಟು. ಆದುದರಿಂದ ವೈದ್ಯರ ಚೀಟಿಯಿಲ್ಲದೆ, ಗೆಳೆಯನ ಮಾತು ಕೇಳಿ ನುಂಗತಕ್ಕದ್ದಲ್ಲ. ಮೊದಲೇ ಖಿನ್ನತೆ ಇದ್ದವನು ಅದನ್ನು ವೈದ್ಯರಿಗೆ ಹೇಳಲೇಬೇಕು.

ಕೂದಲ ಕಸಿಯ ವಿಚಾರ ಕೇಳಿದೆ. ಹಿಂದಲೆಯಿಂದ ಕಿತ್ತ ಕೂಪ ಮುಂದಲೆಗೆ ಬಂದರೂ ತನ್ನ ಹಿಂದಲೆಯ ಸ್ವಭಾವವನ್ನು ಉಳಿಸಿಕೊಳ್ಳುತ್ತದೆ. ಕಸಿಯ ಗುಟ್ಟು ಇಷ್ಟೇ. ವೈದ್ಯರು, “ಇಪ್ಪತ್ತೊಂದಕ್ಕೆ ಬೇಡಪ್ಪ. ಮುಂದೆ ನಾಟಿ ಹಾಕಿದ್ದು ನಿಲ್ಲುತ್ತೆ, ಅದರ ಹಿಂದೆ ಇರೋದು ಇನ್ನೂ ಹೋಗ್ತಾ ಇರುತ್ತೆ. ಆಮೇಲೆ ನಡುಗಡ್ಡೆ ಥರ ಕಾಣುತ್ತೆ” ಎಂದರು. ಹಿಂದಲೆಯ ದಾಸ್ತಾನೂ ಒಂದೇ ಸಲ ಖರ್ಚಾಗುವಂಥದು. ಅಲ್ಲಿಂದ ಕಿತ್ತದ್ದು ಮತ್ತೆ ಅಲ್ಲಿ ಬೆಳೆಯುವುದಿಲ್ಲ. ೨೦೧೬ರಲ್ಲಿ ಚೆನ್ನೈಯಲ್ಲಿ ವೈದ್ಯವಿದ್ಯಾರ್ಥಿಯೊಬ್ಬನು ಕಸಿಯ ನಂತರ ಪ್ರಾಣವನ್ನೇ ಕಳೆದುಕೊಂಡ. ಕಡಮೆ ಬೆಲೆಯ ಜಾಹೀರಾತಿಗೆ ಮರುಳಾಗುವ ಮೊದಲು ಚಾಕು ಹಿಡಿಯುವವರು ನೋಂದಾಯಿತ ವೈದ್ಯರೇ ಎಂದು ಕೇಳುವುದು ನಾಚಿಕೆಯ ವಿಷಯವಲ್ಲ. ನಾನು ಸದ್ಯಕ್ಕೆ ದ್ರಾವಣವನ್ನು ಮಾತ್ರ ಆರಿಸಿಕೊಂಡಿದ್ದೇನೆ. ಸರಿಯುವುದು ನಿಂತಂತೆ ಕಾಣುತ್ತದೆ, ಹೋದದ್ದು ಬಂದಿಲ್ಲ.

ಹೆಸರುಗಳು

ಇನ್ನು, ಮದ್ದು ಮುಟ್ಟದ ಭಾಗಕ್ಕೆ ಬರುತ್ತೇನೆ. ಯಲಹಂಕದಲ್ಲಿ ವಾಯುಪಡೆಯ ನೆಲೆಯಿದೆ. ೧೯೯೬ರಿಂದ ಅಲ್ಲಿ ವಿಮಾನಗಳ ಪ್ರದರ್ಶನ ನಡೆದು ಬಂದಿದೆ. ಆದುದರಿಂದ ನನಗೆ ಬಂದ ಮೊದಲ ಹೆಸರು “ರನ್‌ವೇ.” ಆಮೇಲೆ “ಟಕ್ಲ”, “ಬಾಂಡ್ಲಿ”. ೨೦೧೭ರಲ್ಲಿ ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ ಎಂಬ ಚಲನಚಿತ್ರ ಬಂದಿತಷ್ಟೆ. ಮಂಗಳೂರಿನ ಕಾಲೇಜೊಂದರ ಬೋಳುತಲೆಯ ಕನ್ನಡ ಅಧ್ಯಾಪಕ ಜನಾರ್ದನನ ನೋವನ್ನು ಅದು ತೋರಿಸಿತು. ಅದನ್ನು ನೋಡಿ ಕಣ್ಣೊರೆಸಿಕೊಂಡ ಗೆಳೆಯರೇ ನನ್ನನ್ನು “ಮೊಟ್ಟೆ” ಎಂದು ಕರೆದರು! ಹಿಂದೆ ಓದುತ್ತಿದ್ದ ಕಡೆ ಒಬ್ಬ ಮಾಸ್ತರರು ದೀಪ ಹೋದಾಗ, “ಚಿಂತೆಯಿಲ್ಲ, ನಮ್ಮಲ್ಲಿ ಬೆಳಕಿದೆ” ಎಂದು ನನ್ನತ್ತ ನೋಡಿದ್ದರು. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಮರುದಿನದಿಂದ ಟೋಪಿ ಹಾಕಿಕೊಂಡೆ.

ಟೋಪಿಯೊಂದಿಗೆ ಬೇರೆ ಅಭ್ಯಾಸಗಳೂ ಬಂದವು. ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲೇ ಕೂರುವುದು. ಫೋನಿನ ಕ್ಯಾಮೆರಾದಲ್ಲಿ ದಿನಕ್ಕೆ ಇಪ್ಪತ್ತು ಸಲ ತಲೆ ನೋಡಿಕೊಳ್ಳುವುದು. ಬೇರೆಯವರಿಗಿಂತ ಮೊದಲು ನಾನೇ ನನ್ನ ತಲೆಯನ್ನು ಹಾಸ್ಯ ಮಾಡಿಕೊಳ್ಳುವುದು. ಅಂತರಕಾಲೇಜು ಚರ್ಚಾಸ್ಪರ್ಧೆಗೆ ನನ್ನ ಹೆಸರು ಆಯ್ಕೆಯಾದಾಗ, ವೇದಿಕೆಯ ಮೇಲೆ ಟೋಪಿ ತೆಗೆಯಬೇಕಾಗುತ್ತದೆಂದು ಗಂಟಲುನೋವಿನ ನೆಪ ಹೇಳಿ ತಪ್ಪಿಸಿಕೊಂಡೆ. ಕೂದಲು ನನ್ನಿಂದ ಏನನ್ನೂ ಕಿತ್ತುಕೊಂಡಿರಲಿಲ್ಲ. ಆ ವೇದಿಕೆಯನ್ನು ನಾನಾಗಿಯೇ ಬಿಟ್ಟುಕೊಟ್ಟಿದ್ದೆ. ಅದು ನನ್ನನ್ನು ಬಹಳ ದಿನ ಕೊರೆಯಿತು.

ಮನಶ್ಶಾಸ್ತ್ರದ ಒಂದು ಪ್ರಯೋಗವನ್ನು ಓದಿದ್ದು ಆಗಲೇ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು, ಹಾಕಿಕೊಳ್ಳಲು ನಾಚಿಕೆಯಾಗುವಂಥ ಚಿತ್ರವಿದ್ದ ಅಂಗಿಯನ್ನು ವಿದ್ಯಾರ್ಥಿಗಳಿಗೆ ತೊಡಿಸಿ, ಜನರಿದ್ದ ಕೋಣೆಗೆ ಕಳುಹಿಸಿದರು. ಅರ್ಧದಷ್ಟು ಮಂದಿಯಾದರೂ ಚಿತ್ರವನ್ನು ಗಮನಿಸಿರುತ್ತಾರೆಂದು ತೊಟ್ಟವರು ಊಹಿಸಿದರು. ನಿಜವಾಗಿ ಗಮನಿಸಿದವರು ಸುಮಾರು ಕಾಲುಭಾಗ. ಇದು ೨೦೦೦ದಲ್ಲಿ ಪ್ರಕಟವಾಯಿತು. ನಮ್ಮ ಕುಂದು ನಮಗೆ ಸದಾ ಎದುರಿಗಿರುವುದರಿಂದ, ಎಲ್ಲರ ಎದುರಿಗೂ ಅಷ್ಟೇ ಇದೆಯೆಂದು ಭಾವಿಸುತ್ತೇವೆ.

ಓದಿ ಸುಮ್ಮನಾದರೆ ಮನಸ್ಸು ನಂಬುವುದಿಲ್ಲ. ಒಂದು ನೋಟುಪುಸ್ತಕದಲ್ಲಿ ನಾಲ್ಕು ಅಂಕಣ ಗೆರೆಹಾಕಿದೆ: ಮಾಡುವ ಕೆಲಸ, ಆಗುವುದೆಂದು ನಾನು ಹೆದರುವುದು, ನಿಜವಾಗಿ ಆದದ್ದು, ಸಂಕಟ ನೂರಕ್ಕೆ ಎಷ್ಟು. ಮೊದಲ ದಿನದ ದಾಖಲೆ ಹೀಗಿದೆ. ಕೆಲಸ: ಇತಿಹಾಸದ ತರಗತಿಯಲ್ಲಿ ಟೋಪಿಯಿಲ್ಲದೆ ಎರಡನೆಯ ಬೆಂಚಿನಲ್ಲಿ ಕೂರುವುದು. ಹೆದರಿಕೆ: ಅರವತ್ತರಲ್ಲಿ ಮೂವತ್ತು ಮಂದಿ ನೋಡುತ್ತಾರೆ, ಐದು ಮಂದಿ ಹಾಸ್ಯ ಮಾಡುತ್ತಾರೆ, ಇಡೀ ದಿನ ಓದಲಾಗುವುದಿಲ್ಲ. ಆದದ್ದು: ಒಬ್ಬ “ಕಟಿಂಗ್ ಮಾಡಿಸಿದ್ಯಾ?” ಎಂದು ಕೇಳಿದ, ಇನ್ನೊಬ್ಬ “ರನ್‌ವೇ ಓಪನ್” ಎಂದ. ಸಂಕಟ: ಒಳಗೆ ಬರುವಾಗ ೮೦, ಹಾಸ್ಯದ ಕ್ಷಣದಲ್ಲಿ ೯೦, ಗಂಟೆ ಮುಗಿಯುವ ಹೊತ್ತಿಗೆ ೩೦. ಹಾಸ್ಯ ನಡೆಯಲೇ ಇಲ್ಲವೆಂದು ನಾನು ಹೇಳುವುದಿಲ್ಲ, ನಡೆಯಿತು. ಆದರೆ ಐದರ ಬದಲು ಒಂದು, ಇಡೀ ದಿನದ ಬದಲು ಒಂದು ಗಂಟೆ. ಹೀಗೆ ಚಿಕ್ಕದರಿಂದ ದೊಡ್ಡದಕ್ಕೆ ಹನ್ನೊಂದು ಸಲ ಬರೆದೆ. ಏಳನೆಯದರಲ್ಲಿ ಸೆಮಿನಾರು ಓದಿದೆ. ಟೋಪಿ ಹಾಕಿಕೊಂಡು ಇದನ್ನೇ ಮಾಡಿದ್ದರೆ “ಟೋಪಿಯಿಂದ ಬಚಾವಾದೆ” ಎಂದು ಮನಸ್ಸು ಹೇಳುತ್ತಿತ್ತು, ಪಾಠ ಆಗುತ್ತಿರಲಿಲ್ಲ.

ಕನ್ನಡಿಗೂ ನಿಯಮ ಹಾಕಿದೆ. ತಿಂಗಳಿಗೆ ಒಂದೇ ಸಲ, ಒಂದೇ ಕಿಟಕಿಯ ಬಳಿ, ಒಣಗಿದ ತಲೆಯ ಚಿತ್ರ ತೆಗೆಯುವುದು. ಒದ್ದೆ ಕೂದಲು, ಮೇಲಿನ ದೀಪ ಇವು ಯಾರ ತಲೆಯನ್ನಾದರೂ ಬೋಳಾಗಿ ತೋರಿಸುತ್ತವೆ. ತಿಂಗಳಿಗೆ ಒಂದು ಸೆಂಟಿಮೀಟರು ಬೆಳೆಯುವ ವಸ್ತುವನ್ನು ದಿನಕ್ಕೆ ಇಪ್ಪತ್ತು ಸಲ ನೋಡಿ ತಿಳಿಯುವುದೇನೂ ಇಲ್ಲ.

ಹೆಸರಿಡುವ ಗೆಳೆಯನ ವಿಚಾರ ಉಳಿಯಿತು. ಹೆಬ್ಬಾಳದ ನಿಲ್ದಾಣದಲ್ಲಿ ಬೇರೆ ಯಾರೂ ಇಲ್ಲದಾಗ ಅವನಿಗೆ ಹೇಳಿದೆ: “ಮಗಾ, ಆ ಹೆಸರು ಬೇಡ ಕಣೋ. ನನಗೆ ಬೇಜಾರಾಗುತ್ತೆ.” ಅವನು ನಿಜವಾಗಿಯೂ ಬೆರಗಾಗಿ, “ಏ, ನೀನೇ ಹೇಳ್ಕೊಂಡು ನಗ್ತಿದ್ದಲ್ಲೋ!” ಎಂದ. ಅವನ ಮಾತು ಸುಳ್ಳಲ್ಲ. ಪೆಟ್ಟು ತಪ್ಪಿಸಿಕೊಳ್ಳಲೆಂದು ನಾನು ಮಾಡಿಕೊಳ್ಳುತ್ತಿದ್ದ ಹಾಸ್ಯವೇ ಎಲ್ಲರಿಗೂ ಅಪ್ಪಣೆಚೀಟಿಯಾಗಿತ್ತು. ಅಂದಿನಿಂದ ನಾನೂ ನಿಲ್ಲಿಸಿದೆ, ಅವನೂ ಹೆಚ್ಚುಕಡಮೆ ನಿಲ್ಲಿಸಿದ. ಹೇಳಿದರೂ ಕೇಳದೆ ಗುಂಪು ಕಟ್ಟಿಕೊಂಡು ಪೀಡಿಸುವವರಿದ್ದರೆ, ಅದು ತಮಾಷೆಯ ಗಡಿ ದಾಟಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ರ್‍ಯಾಗಿಂಗ್ ತಡೆಯುವ ತನ್ನ ನಿಯಮಗಳಿಗೆ ೨೦೧೬ರಲ್ಲಿ ಮಾಡಿದ ತಿದ್ದುಪಡಿಯಲ್ಲಿ, ರೂಪವನ್ನು ಗುರಿಯಾಗಿಟ್ಟುಕೊಂಡ ಪೀಡನೆಯನ್ನೂ ಸೇರಿಸಿದೆ. ದೂರು ಕೊಡುವ ಹಕ್ಕು ನಮಗೆ ಉಂಟು. ಗುರುಗಳಲ್ಲಿ ನನ್ನದೊಂದು ವಿಜ್ಞಾಪನೆ: ಬೆಂಚಿನಿಂದ ಬಂದ ಹಾಸ್ಯ ಸಂಜೆಗೆ ಮರೆಯುತ್ತದೆ, ವೇದಿಕೆಯಿಂದ ಬಂದದ್ದು ವರ್ಷವಿಡೀ ಚಲಾವಣೆಯಲ್ಲಿರುತ್ತದೆ.

ನೋಟುಪುಸ್ತಕಕ್ಕೂ ಎಲ್ಲೆಯಿದೆ. ದಿನಕ್ಕೆ ಗಂಟೆಗಟ್ಟಲೆ ತಲೆಯದೇ ಯೋಚನೆಯಾಗಿ ತರಗತಿ, ಊಟ, ಗೆಳೆತನಗಳು ತಪ್ಪುತ್ತಿದ್ದರೆ, ಅಥವಾ ಬದುಕೇ ಬೇಡವೆನ್ನಿಸಿದರೆ, ಅದು ಕೂದಲಿನ ಕಾಯಿಲೆಯಲ್ಲ. ನಮ್ಮೂರಿನಲ್ಲಿಯೇ ನಿಮ್ಹಾನ್ಸ್ ಇದೆ. ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ ೧೪೪೧೬ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ.

ಕಳೆದ ತಿಂಗಳು ಯಶವಂತಪುರದ ನಮ್ಮ ಹಳೆಯ ಕ್ಷೌರದಂಗಡಿಗೆ ಹೋದೆ. ಎರಡು ವರ್ಷ ಮುಂದಲೆಯನ್ನು ಮುಚ್ಚಲೆಂದು ಪಕ್ಕದ ಕೂದಲನ್ನು ಉದ್ದ ಬಿಡಿಸುತ್ತಿದ್ದೆ. ಅಂಗಡಿಯವರು, “ಸ್ವಾಮಿ, ಉದ್ದ ಬಿಟ್ಟಷ್ಟೂ ಖಾಲಿ ಜಾಗ ಎದ್ದು ಕಾಣುತ್ತೆ. ಸಣ್ಣ ಮಾಡಿದ್ರೆ ಎರಡೂ ಸಮ ಆಗುತ್ತೆ” ಎಂದು ಎರಡು ವರ್ಷದಿಂದ ಹೇಳುತ್ತಿದ್ದವರು, ಅಂದು ಕೇಳದೆಯೇ ಯಂತ್ರವನ್ನು ಕೈಗೆತ್ತಿಕೊಂಡರು. ನಾನು ಬೇಡವೆನ್ನಲಿಲ್ಲ. ಈ ಸಂಚಿಕೆಯ ತರಗತಿಯ ಗುಂಪುಚಿತ್ರದಲ್ಲಿ ಎರಡನೆಯ ಸಾಲಿನಲ್ಲಿ ಟೋಪಿಯಿಲ್ಲದೆ ನಿಂತಿರುವವನು ನಾನೇ. ಬೆಳಕು ಸ್ವಲ್ಪ ಹೆಚ್ಚಾಗಿಯೇ ಬಿದ್ದಿದೆ. ಚರ್ಚಾಸ್ಪರ್ಧೆಗೆ ಈ ಸಲ ಹೆಸರು ಕೊಟ್ಟಿದ್ದೇನೆ. ನೋಟುಪುಸ್ತಕದಲ್ಲಿ ಹನ್ನೆರಡನೆಯ ಸಾಲಿನ ಮೊದಲೆರಡು ಅಂಕಣ ತುಂಬಿವೆ. ಉಳಿದೆರಡು ಇನ್ನೂ ಖಾಲಿ.